ಎಡ್ಮಂಡ್ ವಿಲ್ಸನ್ನರ ಕಾರ್ಡು ಮತ್ತು ಒಲ್ಲೆನೆನ್ನುವ ಪತ್ರ

ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ (1895–1972) ತಮಗೆ ಬರುತ್ತಿದ್ದ ಕೋರಿಕೆಗಳಿಗೆ ಕಳಿಸಲೆಂದು ಅಚ್ಚು ಹಾಕಿಸಿಟ್ಟುಕೊಂಡಿದ್ದ ಕಾರ್ಡು, ಲೇಖಕರು ಆಹ್ವಾನವನ್ನು ನಿರಾಕರಿಸುವುದಕ್ಕೆ ಮಾದರಿಯೆಂದು ಹೆಸರಾಗಿದೆ. ಈ ಕೆಳಗಿನ ಕೆಲಸಗಳು ವಿಲ್ಸನ್ನರಿಗೆ ಸಾಧ್ಯವಿಲ್ಲವೆಂದು ವಿಷಾದಿಸುವ ಒಂದು ಸಾಲು, ಅದರಡಿ ಉದ್ದನೆಯ ಪಟ್ಟಿ: ಹಸ್ತಪ್ರತಿ ಓದುವುದು, ಹೇಳಿ ಬರೆಸುವ ಲೇಖನ, ಮುನ್ನುಡಿ, ಪ್ರಚಾರಕ್ಕೆ ಬೇಕಾದ ಮಾತು, ಸ್ಪರ್ಧೆಯ ತೀರ್ಪು, ಸಂದರ್ಶನ, ಭಾಷಣ, ಅಪರಿಚಿತರಿಗೆ ಹಸ್ತಾಕ್ಷರ, ಭಾವಚಿತ್ರ. ಬಂದ ಕೋರಿಕೆ ಯಾವುದೋ ಅದರ ಮುಂದೆ ಗುರುತು ಹಾಕಿ ಅಂಚೆಗೆ ಹಾಕಿದರೆ ಮುಗಿಯಿತು. ಚತುರತೆಗಾಗಿ ಕಾರ್ಡಿಗೆ ಮೆಚ್ಚುಗೆ ಸಲ್ಲಲಿ. ಆದರೆ ಪತ್ರಿಕೆಯೊಂದಿಗಿನ ನಂಟನ್ನು ಕಡಿದುಕೊಳ್ಳದೆ ಒಂದು ಲೇಖನವನ್ನೋ ವಿಮರ್ಶೆಯನ್ನೋ ಒಲ್ಲೆನೆನ್ನಬೇಕಾದವರಿಗೆ ಇಷ್ಟು ಕೆಟ್ಟ ಮಾದರಿ ಇನ್ನೊಂದಿಲ್ಲ.

ಕಾರ್ಡಿನ ದೋಷವಿರುವುದು ಅದರ ಬಿರುಸಿನಲ್ಲಲ್ಲ, ಪಟ್ಟಿಯ ರಚನೆಯಲ್ಲಿ. ಹೇಳಿ ಬರೆಸುವ ಲೇಖನವೂ ಅಪರಿಚಿತರಿಗೆ ಹಾಕಿಕೊಡುವ ರುಜುವೂ ಅಲ್ಲಿ ಒಂದೇ ತೂಕದ ಬಾಬುಗಳು. ಎಲ್ಲಕ್ಕೂ ವಿಷಾದ ಒಂದೇ, ಕಾರಣ ಯಾವುದಕ್ಕೂ ಇಲ್ಲ. ಯಾವ ಕೆಲಸ ಆಗುವುದಿಲ್ಲ ಎಂಬುದನ್ನು ಕಾರ್ಡು ತಿಳಿಸುತ್ತದೆ. ಈಗ ಆಗುವುದಿಲ್ಲವೋ, ಈ ವಿಷಯದ ಮೇಲೆ ಆಗುವುದಿಲ್ಲವೋ, ಈ ಪುಸ್ತಕದ ಬಗ್ಗೆ ಆಗುವುದಿಲ್ಲವೋ, ಈ ಪತ್ರಿಕೆಗೆ ಎಂದಿಗೂ ಆಗುವುದಿಲ್ಲವೋ ಎಂಬುದನ್ನು ತಿಳಿಸುವುದಿಲ್ಲ. ಸಂಪಾದಕನಿಗೆ ಬೇಕಾದದ್ದು ಕಾರ್ಡು ತಿಳಿಸದ ಈ ಸಂಗತಿಯೇ. ಮೊದಲ ಮೂರರಲ್ಲಿ ಬಾಗಿಲು ತೆರೆದೇ ಇರುತ್ತದೆ, ನಾಲ್ಕನೆಯದರಲ್ಲಿ ಇರುವುದಿಲ್ಲ. ಕಾರ್ಡು ನಾಲ್ಕನ್ನೂ ಸೇರಿಸಿ ನಾಲ್ಕನೆಯದನ್ನಾಗಿ ಮಾಡಿಬಿಡುತ್ತದೆ.

ಇದು ವಿಲ್ಸನ್ನರಿಗೆ ಗೊತ್ತಿಲ್ಲದ ಸಂಗತಿಯಾಗಿರಲಾರದು. 1920ರ ದಶಕದ ಆರಂಭದಲ್ಲಿ ಅವರು ವ್ಯಾನಿಟಿ ಫೇರ್ ಪತ್ರಿಕೆಯ ಸಂಪಾದಕ ವರ್ಗದಲ್ಲಿದ್ದರು, ಆಮೇಲೆ ದಿ ನ್ಯೂ ರಿಪಬ್ಲಿಕ್‌ನಲ್ಲಿ. ಬರಹಗಾರರಿಂದ ಕಾಲಕ್ಕೆ ಸರಿಯಾಗಿ ಬರಹ ಹೊರಡಿಸುವ ಕಷ್ಟ ಅವರಿಗೆ ಅನುಭವದಿಂದಲೇ ಪರಿಚಿತ. ಕಾರ್ಡಿನ ಕಾಲಕ್ಕಾಗಲೇ ಅವರ ಸ್ಥಿತಿ ಬೇರೆಯಾಗಿತ್ತು: ದಿ ನ್ಯೂಯಾರ್ಕರ್‌ನಂಥ ಪತ್ರಿಕೆ ಅವರ ವಿಮರ್ಶೆಗಳಿಗೆ ಜಾಗ ಕೊಡುತ್ತಿತ್ತು, ಹೊಸ ನಂಟುಗಳ ಅಗತ್ಯ ಹೆಚ್ಚೇನೂ ಇರಲಿಲ್ಲ. ಕಾರ್ಡನ್ನು ಮೆಚ್ಚುವವರು ಈ ಅನುಕೂಲವನ್ನು ಎಣಿಸುವುದಿಲ್ಲ. ಇನ್ನೂ ನಾಲ್ಕಾರು ಪತ್ರಿಕೆಗಳಲ್ಲಿ ಹೆಸರು ಕಾಣಿಸಬೇಕಾದ ಸಂಶೋಧಕಿ ಅದನ್ನು ಅನುಕರಿಸಿದರೆ ಮುಂದಿನ ವರ್ಷ ಅವಳಿಗೆ ಆಹ್ವಾನವೇ ಬರುವುದಿಲ್ಲ.

ಕಾರ್ಡಿನ ಪರವಾಗಿ ಹೇಳಬಹುದಾದದ್ದು ಒಂದಿದೆ: ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಕನ್ನಡದಲ್ಲಿ ರೂಢಿಯಾಗಿರುವ 'ಆಗಲಿ, ನೋಡೋಣ', 'ಪ್ರಯತ್ನಿಸುತ್ತೇನೆ' ಎಂಬ ಉತ್ತರಗಳು ಅದಕ್ಕಿಂತಲೂ ಹಾನಿಕರ. ದೀಪಾವಳಿ ವಿಶೇಷಾಂಕದ ಪುಟಗಳನ್ನು ಹಂಚಿಕೊಂಡು ಕೂತ ಸಂಪಾದಕ ಅದನ್ನು ಒಪ್ಪಿಗೆಯೆಂದೇ ಬರೆದುಕೊಳ್ಳುತ್ತಾನೆ. ಗಡುವಿನ ವಾರದಲ್ಲಿ ಫೋನು ಎತ್ತದಿದ್ದಾಗಲಷ್ಟೇ ಅದು ನಿರಾಕರಣೆಯಾಗಿತ್ತೆಂದು ತಿಳಿಯುವುದು. ಆಹ್ವಾನ ಬಂದ ಎರಡು ದಿನದಲ್ಲಿ ಬಂದ ಒರಟು 'ಇಲ್ಲ'ವನ್ನು ಸಂಪಾದಕ ಮರೆಯಬಲ್ಲ. ಆರು ವಾರದ ನಂತರದ ಸೌಜನ್ಯವನ್ನು ಮರೆಯಲಾರ.

ಒಂದು ಕಲ್ಪಿತ ಪ್ರಸಂಗದಲ್ಲಿ ಇದನ್ನು ನೋಡಬಹುದು. ಸಾಪ್ತಾಹಿಕ ಪುರವಣಿಯೊಂದು ಕಾದಂಬರಿಯ ಪ್ರತಿಯನ್ನು ಅಧ್ಯಾಪಕಿಯೊಬ್ಬರಿಗೆ ಕಳಿಸಿ, ಮೂರು ವಾರದೊಳಗೆ 900 ಪದಗಳ ವಿಮರ್ಶೆ ಕೇಳಿದೆ. ಅದೇ ಲೇಖಕರ ಹಿಂದಿನ ಪುಸ್ತಕಕ್ಕೆ ಬೆನ್ನುಡಿ ಬರೆದವರು ಈ ಅಧ್ಯಾಪಕಿಯೇ. ಸರಿಯಾದ ಪತ್ರ ಹೀಗಿರುತ್ತದೆ:

'ಮಾನ್ಯರೇ, ಪುಸ್ತಕ ತಲುಪಿತು, ನೆನಪಿಸಿಕೊಂಡದ್ದಕ್ಕೆ ವಂದನೆ. ಇದರ ವಿಮರ್ಶೆ ನಾನು ಬರೆಯುವುದು ಸರಿಯಾಗದು. ಇವರ ಹಿಂದಿನ ಕಾದಂಬರಿಗೆ ಬೆನ್ನುಡಿ ಬರೆದಿದ್ದೇನೆ, ಓದುಗರಿಗೆ ಅನುಮಾನ ಬರುತ್ತದೆ. ಕರಾವಳಿಯ ಹಿನ್ನೆಲೆ ಬಲ್ಲ ಇಬ್ಬರ ಹೆಸರು ಕೆಳಗಿದೆ. ಅವರನ್ನು ನಾನಿನ್ನೂ ಕೇಳಿಲ್ಲ. ನೀವು ಹೇಳಿದವರಿಗೆ ಈ ಪ್ರತಿಯನ್ನು ನಾನೇ ಕಳಿಸುತ್ತೇನೆ. ಜನವರಿಯ ನಂತರ ಅನುವಾದಿತ ಕಥಾಸಂಕಲನ ಯಾವುದಾದರೂ ಬಂದರೆ ತಿಳಿಸಿ, ಸಂತೋಷದಿಂದ ಬರೆಯುತ್ತೇನೆ.'

ನಿರಾಕರಣೆ ಎರಡನೆಯ ವಾಕ್ಯದಲ್ಲೇ ಬಂದಿದೆ, ಹೊಗಳಿಕೆಯ ಅಡಿಯಲ್ಲಿ ಹೂತುಹೋಗಿಲ್ಲ. ಕಾರಣ ಪರೀಕ್ಷೆಗೆ ನಿಲ್ಲುವಂಥದು. 'ಅವರನ್ನು ನಾನಿನ್ನೂ ಕೇಳಿಲ್ಲ' ಎಂಬ ಮಾತು ಚಿಕ್ಕದಾದರೂ ಮುಖ್ಯ: ಆಯ್ಕೆ ಸಂಪಾದಕನದೇ ಎಂಬುದನ್ನು ಅದು ಒಪ್ಪುತ್ತದೆ. ಅತಿಥಿ ಲೇಖಕರು ತಮ್ಮ ಶಿಷ್ಯರಿಗೆ ಮೊದಲೇ ಮಾತು ಕೊಟ್ಟು ಆಮೇಲೆ ಹೆಸರು ಸೂಚಿಸಿದರೆ ಸಂಪಾದಕ ಇಕ್ಕಟ್ಟಿಗೆ ಸಿಲುಕುತ್ತಾನೆ. ಬಾಗಿಲನ್ನು ತೆರೆದಿಡುವುದು ಕೊನೆಯ ವಾಕ್ಯ, ಅದೂ ತಿಂಗಳು ಮತ್ತು ಪ್ರಕಾರವನ್ನು ಹೆಸರಿಸಿರುವುದರಿಂದ. 'ಮುಂದೆ ಅವಕಾಶ ಸಿಕ್ಕರೆ ಖಂಡಿತ' ಎಂಬ ಸಾಲನ್ನು ಸಂಪಾದಕರು ಓದುವುದನ್ನೇ ಬಿಟ್ಟಿದ್ದಾರೆ. ಅದರಲ್ಲಿ ಟಿಪ್ಪಣಿ ಪುಸ್ತಕಕ್ಕೆ ಬರೆದುಕೊಳ್ಳುವಂಥದ್ದು ಏನೂ ಇರುವುದಿಲ್ಲ.

ಕಾರಣವನ್ನೇ ಹೇಳಬಾರದು, ಹೇಳಿದರೆ ವಾದಕ್ಕೆ ಆಸ್ಪದವಾಗುತ್ತದೆ ಎಂದು ಶಿಷ್ಟಾಚಾರದ ಸಲಹೆಗಾರರು ಬೋಧಿಸುತ್ತಾರೆ. ಔತಣದ ಕರೆಗೆ ಆ ನಿಯಮ ಸಾಕಾಗಬಹುದು, ಬಾರದ ಅತಿಥಿಯ ಎಲೆ ಎತ್ತಿದರೆ ಊಟ ನಿಲ್ಲುವುದಿಲ್ಲ. ಪತ್ರಿಕೆಯಲ್ಲಿ ಮಾತ್ರ ಕಾರಣವೇ ಸಂಪಾದಕನ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತದೆ. ಸಮಯವಿಲ್ಲದಿದ್ದರೆ ಆತ ಗಡುವು ಮುಂದೂಡುತ್ತಾನೆ, ವಿಷಯ ಹೊಂದದಿದ್ದರೆ ಬೇರೆ ಪುಸ್ತಕ ಕಳಿಸುತ್ತಾನೆ, ಸಂಬಂಧ ಅಡ್ಡ ಬಂದರೆ ಬೇರೆಯವರನ್ನು ಹುಡುಕುತ್ತಾನೆ. ಸುಳ್ಳು ಕಾರಣದ ಅಪಾಯವೂ ಇಲ್ಲೇ. 'ಪುರುಸೊತ್ತಿಲ್ಲ' ಎಂದವರಿಗೆ 'ಇನ್ನೊಂದು ತಿಂಗಳು ತೆಗೆದುಕೊಳ್ಳಿ' ಎಂಬ ಉತ್ತರ ಬಂದರೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಅದೇ ವಾರ ಬೇರೆ ಪತ್ರಿಕೆಯಲ್ಲಿ ಅವರ ಲೇಖನ ಕಾಣಿಸಿಕೊಂಡರೆ ಮುಖವೂ ಇಲ್ಲ. ಕಾರಣವೆಂದರೆ ವಿವರವೆಂದಲ್ಲ. ಕಾಯಿಲೆಯಿದ್ದರೆ ಅಸ್ವಸ್ಥತೆ ಎಂಬ ಒಂದು ಪದ ಸಾಕು, ಆಸ್ಪತ್ರೆಯ ಕಥೆ ಬೇಕಿಲ್ಲ.

ಸತ್ಯವನ್ನು ಪೂರ್ತಿ ಹೇಳಬಾರದ ಸಂದರ್ಭ ಒಂದಿದೆ, ಅದು ಪುಸ್ತಕ ಕಳಪೆಯೆನ್ನಿಸಿದಾಗ. ವಿಮರ್ಶಕ ಅದನ್ನೂ ಬರೆದು ತಿಳಿಸಬೇಕು, ಹಿಂಜರಿಯುವುದು ಹೇಡಿತನ ಎಂಬ ಪಂಥ ಕನ್ನಡದಲ್ಲೂ ಇದೆ. ಹಾಗೆ ಎನ್ನುವವರು ಅಚ್ಚಾಗುವ ವಿಮರ್ಶೆಯನ್ನೂ ಸಂಪಾದಕನಿಗೆ ಹೋಗುವ ಪತ್ರವನ್ನೂ ಒಂದಾಗಿ ಎಣಿಸುತ್ತಾರೆ. ಅಚ್ಚಾದ ವಿಮರ್ಶೆಗೆ ವಾದವಿರುತ್ತದೆ, ಉದಾಹರಣೆಯಿರುತ್ತದೆ, ಲೇಖಕ ಅದಕ್ಕೆ ಉತ್ತರಿಸಬಹುದು. 'ಪುಸ್ತಕ ಸುಮಾರಾಗಿದೆ, ನನ್ನನ್ನು ಬಿಟ್ಟುಬಿಡಿ' ಎಂಬ ಪತ್ರ ಕಚೇರಿಯೊಳಗೆ ಕೊಟ್ಟ ತೀರ್ಪು. ಅದನ್ನು ಓದಿದ ಸಂಪಾದಕ ಪುಸ್ತಕವನ್ನು ಕಪಾಟಿಗೆ ಸೇರಿಸುತ್ತಾನೆ, ಕಾರಣ ಲೇಖಕನಿಗೆ ಎಂದಿಗೂ ತಿಳಿಯುವುದಿಲ್ಲ. ಕೆಟ್ಟ ಪುಸ್ತಕವೆನ್ನುವ ಧೈರ್ಯವಿದ್ದವರು ವಿಮರ್ಶೆಯನ್ನೇ ಬರೆಯಲಿ. ಇಲ್ಲದವರು 'ಈ ಬಗೆಯ ಬರವಣಿಗೆಗೆ ನಾನು ತಕ್ಕ ಓದುಗನಲ್ಲ' ಎಂದು ನಿಲ್ಲಿಸಲಿ. ಅದು ಅರ್ಧಸತ್ಯ; ಆದರೆ ಅದರಿಂದ ಮೂರನೆಯವರಿಗೆ ಪೆಟ್ಟು ಬೀಳುವುದಿಲ್ಲ.

ಪತ್ರಿಕೆಯ ನಿಲುವೇ ಒಪ್ಪಿಗೆಯಿಲ್ಲದಿದ್ದಾಗ ಮುಂದಿನ ಸಹಕಾರದ ಮಾತನ್ನು ಬಿಡಬೇಕು. ಆಗ ಎರಡು ವಾಕ್ಯದ ಪತ್ರ ಸಾಕು, ವಿಲ್ಸನ್ನರ ಕಾರ್ಡು ನಿಜಕ್ಕೂ ಹೊಂದುವ ಸಂದರ್ಭವೂ ಇದೊಂದೇ. ಉಳಿದ ಸಂದರ್ಭಗಳಲ್ಲಿ ತೆರೆದಿಟ್ಟ ಬಾಗಿಲಿಗೂ ಅವಧಿಯುಂಟು. ಒಂದೇ ಪತ್ರಿಕೆಯ ಆಹ್ವಾನವನ್ನು ಎರಡು ಮೂರು ಸಲ ನಿರಾಕರಿಸಿದ ಮೇಲೆ ಎಷ್ಟು ಸೊಗಸಾದ ಪತ್ರವೂ ನಂಬಿಕೆ ಉಳಿಸದು. ಅಧ್ಯಾಪಕಿ ಹೇಳಿದ ಜನವರಿ ಕಳೆದರೂ ಪುರವಣಿಯಿಂದ ಸುದ್ದಿ ಬಾರದಿದ್ದರೆ, ಹೊಸದಾಗಿ ಬಂದ ಸಂಕಲನವೊಂದರ ಹೆಸರು ಹೇಳಿ 'ಇದನ್ನು ಬರೆಯಲೇ?' ಎಂದು ಕೇಳಬೇಕಾದವರು ಅಧ್ಯಾಪಕಿಯೇ.