ಮೊದಲ ಭೇಟಿಗೆ ಉತ್ತರದ ಹೊರೆ ಬೇಡ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಇಂದಿಗೂ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ನಡೆಯುತ್ತದೆ. ಭಾನುವಾರ ಬೆಳಿಗ್ಗೆ ಗಂಡಿನ ಕಡೆಯವರು ಒಂದು ಗಾಡಿ ತುಂಬ ಬರುತ್ತಾರೆ. ನಡುಮನೆಯಲ್ಲಿ ಚಾಪೆ, ಕುರ್ಚಿ, ಉಪ್ಪಿಟ್ಟು, ಕೇಸರಿಬಾತು. ಹುಡುಗಿ ಕಾಫಿ ತಟ್ಟೆ ಹಿಡಿದು ಬಂದು ಎಲ್ಲರಿಗೂ ಕೊಟ್ಟು, ಕೈಮುಗಿದು ಕೂರುತ್ತಾಳೆ. ‘ಏನ್ ಓದಿದ್ದಯವ್ವಾ?’ ಎಂದು ಹಿರಿಯರೊಬ್ಬರು ಕೇಳುತ್ತಾರೆ. ಉತ್ತರ ಅವರಿಗೆ ಮೊದಲೇ ಗೊತ್ತು. ಕೊನೆಗೆ ಯಾರೋ ನೆನಪು ಮಾಡಿಕೊಂಡು ‘ಹುಡುಗ ಹುಡುಗಿ ಏನಾದ್ರೂ ಮಾತಾಡ್ಕಳ್ಳಿ’ ಎಂದಾಗ ಇಬ್ಬರೂ ಮಾಳಿಗೆಗೋ ಹಿತ್ತಿಲಿಗೋ ಹೋಗಿ ಹತ್ತು ನಿಮಿಷದಲ್ಲಿ ವಾಪಸಾಗುತ್ತಾರೆ. ಗಾಡಿ ಹೊರಡುವ ಮುನ್ನವೇ ಅಡುಗೆಮನೆಯಲ್ಲಿ ಹುಡುಗಿಯನ್ನು ಕೇಳಿಯಾಗಿರುತ್ತದೆ: ‘ಒಪ್ಗನಾ?’

ಈ ಪದ್ಧತಿಯಲ್ಲಿ ಒಳ್ಳೆಯದೇ ಇಲ್ಲ ಎನ್ನಲಾಗದು. ಎರಡು ಕುಟುಂಬಗಳು ಒಂದನ್ನೊಂದು ನೋಡುತ್ತವೆ. ಮನೆಯ ನಡೆನುಡಿ, ಹಿರಿಯರ ಮಾತಿನ ರೀತಿ, ದುಡಿಮೆಯ ಗುರುತು ಕಣ್ಣಿಗೆ ಬೀಳುತ್ತವೆ. ಆದರೆ ಮದುವೆಯಾಗಬೇಕಾದ ಇಬ್ಬರಿಗೆ ಇದರಲ್ಲಿ ಸಿಗುವುದು ತೀರಾ ಕಡಿಮೆ. ಮಾತಾಡಲು ಹತ್ತು ನಿಮಿಷ, ಆ ಹತ್ತು ನಿಮಿಷದ ನೆತ್ತಿಯ ಮೇಲೆ ಅಂದೇ ಹೇಳಬೇಕಾದ ಉತ್ತರ. ನನ್ನ ಆಕ್ಷೇಪಣೆ ಕಾಫಿ ತಟ್ಟೆಗಿಂತ ಹೆಚ್ಚಾಗಿ ಈ ಆತುರದ ಮೇಲೆ.

ಆತುರಕ್ಕೆ ಕಾರಣವೂ ಇದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ್ದನ್ನು ನಾವೆಲ್ಲ ಓದಿದ್ದೇವೆ. ವ್ಯವಸಾಯ ಮಾಡುವ ಹುಡುಗನಿಗೆ ಹೆಣ್ಣು ಸಿಗುವುದು ಕಷ್ಟವಾಗಿರುವಾಗ, ಬಂದ ಸಂಬಂಧ ಕೈತಪ್ಪೀತೆಂಬ ಭಯ ಗಂಡಿನ ಕಡೆಗೆ. ಬಂದವರು ಬೇಡವೆಂದು ಹೋದರೆ ಊರಲ್ಲಿ ಮಾತಾಗುತ್ತದೆಂಬ ಭಯ ಹೆಣ್ಣಿನ ಕಡೆಗೆ. ಎರಡೂ ಭಯ ಸೇರಿ ಮೊದಲ ಭೇಟಿಯನ್ನೇ ತೀರ್ಮಾನದ ದಿನವನ್ನಾಗಿ ಮಾಡಿವೆ. ಅದನ್ನು ಹಗುರ ಮಾಡಬೇಕೆಂದರೆ ತೀರ್ಮಾನವನ್ನು ಆ ದಿನದಿಂದ ಎತ್ತಿ ಬೇರೆ ದಿನಕ್ಕೆ ಇಡಬೇಕು. ಉಳಿದ ಏರ್ಪಾಟೆಲ್ಲ ಇದಕ್ಕೆ ಹೊಂದಿಕೊಂಡು ಬರಬೇಕು.

ಮನೆ ಬೇಡವೆಂದವರು ಈಗ ಆರಿಸಿಕೊಳ್ಳುವುದು ದೇವಸ್ಥಾನವನ್ನು. ಬಿಳಿಗಿರಿರಂಗನ ಬೆಟ್ಟದಲ್ಲೋ ಮಾದಪ್ಪನ ಬೆಟ್ಟದಲ್ಲೋ ಎರಡೂ ಕಡೆಯವರು ‘ದರ್ಶನಕ್ಕೆ ಬಂದಂತೆ’ ಸೇರುತ್ತಾರೆ. ಕೂಡಿಬರದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಇದು ದೊಡ್ಡ ಅನುಕೂಲ. ಆದರೆ ಮಾತಿಗೆ ಆ ಜಾಗಗಳು ಅಷ್ಟು ಒಗ್ಗುವುದಿಲ್ಲ. ಮಾದಪ್ಪನ ಬೆಟ್ಟದಲ್ಲಿ ಅಮಾವಾಸ್ಯೆ, ಸೋಮವಾರ, ರಜಾದಿನಗಳೆಂದರೆ ಜನಜಾತ್ರೆ. ನಿಂತು ಒಂದು ಮಾತು ಮುಗಿಸಲು ಜಾಗ ಸಿಗದು. ಬಿಳಿಗಿರಿರಂಗನ ಬೆಟ್ಟದ ದಾರಿ ಹುಲಿ ಸಂರಕ್ಷಿತ ಅರಣ್ಯದ ನಡುವೆ ಹಾದುಹೋಗುತ್ತದೆ. ಸಂಜೆ ಚೆಕ್‌ಪೋಸ್ಟ್ ಮುಚ್ಚುವ ಮೊದಲು ಇಳಿಯಬೇಕಾದ್ದರಿಂದ ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಇಬ್ಬರೂ ಪ್ರಾಕಾರದಲ್ಲಿ ಮಾತಿಗೆ ನಿಂತರೆ ಹತ್ತು ಹೆಜ್ಜೆ ಆಚೆ ನೆಂಟರೆಲ್ಲ ಸುಮ್ಮನೆ ನೋಡುತ್ತ ಕಾಯುತ್ತಿರುತ್ತಾರೆ. ಭರಚುಕ್ಕಿಗೆ ಹೋಗುವವರೂ ಇದ್ದಾರೆ. ಮಳೆಗಾಲದಲ್ಲಿ ಅಲ್ಲಿ ನೀರಿನ ಸದ್ದು ಮತ್ತು ಪ್ರವಾಸಿಗರ ಮೊಬೈಲುಗಳ ನಡುವೆ ಹುಡುಗಿಗೆ ನೆಮ್ಮದಿ ಎಲ್ಲಿಂದ ಬರಬೇಕು?

ನನಗೆ ಸರಿಯೆನಿಸುವುದು ನಡುವಿನ ದಾರಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಡುಗಿ ಯಳಂದೂರು ಪಕ್ಕದ ಹಳ್ಳಿಯವಳು, ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ. ಹುಡುಗ ಹನೂರು ಕಡೆಯವನು, ಬೆಂಗಳೂರಿನಲ್ಲಿ ಕೆಲಸ, ಊರಲ್ಲಿ ಅಪ್ಪನ ಜಮೀನು. ಕೊಳ್ಳೇಗಾಲ ಇಬ್ಬರಿಗೂ ನಡುವಿನ ಊರು, ಎರಡೂ ಕಡೆಯಿಂದ ಬಸ್ಸಿದೆ. ಅಲ್ಲಿ ಹುಡುಗಿಯ ಸೋದರಮಾವನ ಮನೆ ಇದೆ ಎನ್ನಿ. ಹುಡುಗಿಗೆ ಪರಿಚಯದ ಮನೆ, ಆದರೆ ಅವಳ ಊರಿನ ಬೀದಿಯಲ್ಲ. ಹುಡುಗನಿಗೂ ಬೀಗರ ಮನೆಯ ಹೊಸಿಲು ತುಳಿದ ಭಾರವಿಲ್ಲ.

ಭಾನುವಾರ ಸಂಜೆ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲವಾದ್ದರಿಂದ ಹಿರಿಯರು ಹೇಗೂ ಬೆಳಗಿನ ಹೊತ್ತನ್ನೇ ಕೇಳುತ್ತಾರೆ. ಹನ್ನೊಂದಕ್ಕೆ ಸೇರಿ ಹನ್ನೆರಡೂವರೆಗೆ ಏಳುವುದೆಂದು ಮೊದಲೇ ಹೇಳಿಬಿಡಬೇಕು. ಊಟ ಇಟ್ಟುಕೊಳ್ಳಬಾರದು. ಊಟ ಹಾಕಿದರೆ ಋಣದ ಮಾತು ಬರುತ್ತದೆ, ಹೆಂಗಸರು ಬೆಳಿಗ್ಗೆಯಿಂದ ಒಲೆ ಮುಂದೆ ನಿಲ್ಲುತ್ತಾರೆ, ಹುಡುಗಿ ಬಡಿಸುವುದರಲ್ಲೇ ಕಳೆದುಹೋಗುತ್ತಾಳೆ. ಕಾಫಿ, ಜೊತೆಗೊಂದು ತಿಂಡಿ ಸಾಕು, ತಟ್ಟೆಯನ್ನು ಸೋದರಮಾವನೇ ತರಲಿ. ಒಂದೊಂದು ಕಡೆಯಿಂದ ಮೂವರಂತೆ ಬರಲಿ: ಹುಡುಗ ಅಥವಾ ಹುಡುಗಿ, ತಂದೆ ತಾಯಿಯಲ್ಲಿ ಒಬ್ಬರು, ಜೊತೆಗೆ ಅಕ್ಕನೋ ಅಣ್ಣನೋ. ಚಿಕ್ಕಪ್ಪ ದೊಡ್ಡಪ್ಪಂದಿರು ಬೇಸರ ಮಾಡಿಕೊಂಡರೆ ಅವರಿಗೆ ಎರಡನೆಯ ಭೇಟಿ ಇದೆಯೆಂದು ಹೇಳಬಹುದು. ಆ ಮಾತು ನಿಜವೂ ಆಗಿರಬೇಕು.

ಮೊದಲ ಕಾಲು ಗಂಟೆ ಎಲ್ಲರೂ ಒಟ್ಟಿಗೆ ಕೂರಲಿ. ಆಮೇಲೆ ಮುಕ್ಕಾಲು ಗಂಟೆ ಇಬ್ಬರೇ, ಬಾಗಿಲು ತೆರೆದಿರುವ ಜಗಲಿಯಲ್ಲೋ ಮಾಳಿಗೆಯಲ್ಲೋ. ಕಾಣುವಷ್ಟು ಹತ್ತಿರ, ಕೇಳಿಸದಷ್ಟು ದೂರ. ಮೊದಲ ಹತ್ತು ನಿಮಿಷ ಇಬ್ಬರಿಗೂ ಮಾತು ತೊದಲುತ್ತದೆ. ಸಿನಿಮಾ, ಊಟ, ಕಾಲೇಜಿನ ಸುದ್ದಿಯಲ್ಲಿ ಅದು ಕಳೆಯುತ್ತದೆ. ಮುಖ್ಯವಾದದ್ದು ಬರುವುದು ಅದರ ನಂತರ, ಹಳೆಯ ಪದ್ಧತಿಯಲ್ಲಿ ಭೇಟಿ ಮುಗಿದುಹೋಗುವ ಹೊತ್ತಿಗೆ. ಮದುವೆಯಾದ ಮೇಲೆ ಬೆಂಗಳೂರೋ ಹನೂರೋ? ಶಾಲೆಯ ಕೆಲಸ ಬಿಡಬೇಕೆ? ನನ್ನ ಸಂಬಳದಲ್ಲಿ ತಮ್ಮನ ಓದಿಗೆ ಕೊಡಬಹುದೆ? ಮನೆ ಮೇಲೆ ಸಾಲ ಎಷ್ಟಿದೆ? ಕುಡಿತವಿದೆಯೆ? ಎಲ್ಲವನ್ನೂ ಅಂದೇ ಕೇಳಬೇಕಿಲ್ಲ. ಒಂದೆರಡನ್ನು ನಿಧಾನವಾಗಿ ಕೇಳಿದರೆ ಆ ಮನುಷ್ಯ ಉತ್ತರಿಸುವ ರೀತಿಯೇ ಬಹಳ ಹೇಳುತ್ತದೆ.

ಭೇಟಿ ದಾರಿ ತಪ್ಪುತ್ತಿರುವುದಕ್ಕೆ ಗುರುತುಗಳಿವೆ. ಹುಡುಗಿಗೆ ಕೇಳಿದ ಪ್ರಶ್ನೆಗೆ ಅವಳಣ್ಣ ಉತ್ತರಿಸುವುದು, ಹುಡುಗ ಪ್ರತಿ ಮಾತಿಗೂ ‘ಅಮ್ಮನ್ನ ಕೇಳಿ ಹೇಳ್ತೀನಿ’ ಎನ್ನುವುದು, ಇಬ್ಬರಲ್ಲಿ ಒಬ್ಬರು ಎಲ್ಲಕ್ಕೂ ‘ನಿಮ್ಮಿಷ್ಟ’ ಎಂದು ತಲೆಯಾಡಿಸುವುದು. ಕೊನೆಯದನ್ನು ನಾವು ವಿನಯವೆಂದು ತಿಳಿಯುತ್ತೇವೆ. ಬಹಳ ಸಲ ಅದು ಭಯ, ಕೆಲವು ಸಲ ಬೇರೆಡೆ ಇರುವ ಮನಸ್ಸು. ಅಂಥ ‘ನಿಮ್ಮಿಷ್ಟ’ವನ್ನು ಒಪ್ಪಿಗೆಯೆಂದು ಎಣಿಸದೆ, ಅವಳನ್ನೋ ಅವನನ್ನೋ ಒಂಟಿಯಾಗಿ ಕೂರಿಸಿ ವಿಚಾರಿಸುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು.

ಉತ್ತರಕ್ಕೆ ಬುಧವಾರದ ಗಡುವು ಸಾಕು. ಎರಡೂ ಕಡೆಯವರು ತಮ್ಮ ಮಾತನ್ನು ಸಂಬಂಧ ತಂದ ಮಧ್ಯಸ್ಥನಿಗೇ ತಿಳಿಸಲಿ. ಇಲ್ಲಿ ನಮ್ಮ ಸೀಮೆಯ ಒಂದು ಹಳೆಯ ರೂಢಿಯನ್ನು ತೂಗಿ ನೋಡಬೇಕು. ಬೇಡವೆನ್ನಲು ‘ಸಾಲಾವಳಿ ಬರಲಿಲ್ಲ’ ಎನ್ನುತ್ತೇವೆ. ಯಾರ ಮನಸ್ಸೂ ನೋಯಬಾರದೆಂಬ ಉದ್ದೇಶ ಅದರಲ್ಲಿದೆ, ಆ ಮೃದುತ್ವವನ್ನು ನಾನು ಗೌರವಿಸುತ್ತೇನೆ. ಆದರೆ ಈಗ ಜಾತಕ ನೋಡಿಸಿಯೇ ಹುಡುಗಿ ನೋಡಲು ಬರುವವರು ಹೆಚ್ಚು. ಬಂದು ಹೋದ ಮೇಲೆ ಜಾತಕದ ನೆಪ ಹೇಳಿದರೆ ಹುಡುಗಿ ತನ್ನ ಬಣ್ಣವೋ ಎತ್ತರವೋ ಕಾರಣವಾಯಿತೆಂದು ಕೊರಗುತ್ತಾಳೆ. ‘ಮಕ್ಕಳಿಗೆ ಹೊಂದಾಣಿಕೆ ಅನ್ನಿಸಲಿಲ್ಲ, ತಪ್ಪು ತಿಳೀಬೇಡಿ’ ಎಂದರೆ ಸಾಕು. ಆ ಮಾತು ಸುಳ್ಳಲ್ಲ, ಯಾರನ್ನೂ ಕೀಳು ಮಾಡುವುದೂ ಇಲ್ಲ.

ಈ ಏರ್ಪಾಟಿಗೂ ಮಿತಿಗಳಿವೆ. ಕೊಳ್ಳೇಗಾಲದಲ್ಲಿ ಎಲ್ಲರಿಗೂ ಸೋದರಮಾವನ ಮನೆಯಿರುವುದಿಲ್ಲ. ಮಗಳ ಮಾತನ್ನೇ ಕೇಳದ ಮನೆಯಲ್ಲಿ ಮುಕ್ಕಾಲು ಗಂಟೆ ಕೊಟ್ಟರೂ ಉಪಯೋಗವಿಲ್ಲ. ಒಂದು ಭೇಟಿಯಿಂದ ಮನುಷ್ಯನ ಗುಣ ತಿಳಿಯುತ್ತದೆಂದು ನಾನು ಹೇಳುತ್ತಿಲ್ಲ. ಇನ್ನೊಮ್ಮೆ ಮಾತಾಡಬೇಕೆ ಬೇಡವೆ ಎಂಬುದಷ್ಟೇ ಅಂದು ತಿಳಿಯಬೇಕಾದದ್ದು. ಆ ಪ್ರಶ್ನೆಗೆ ಬೇಡವೆಂದು ಹೇಳುವ ಧೈರ್ಯ ಹುಡುಗಿಗೆ ಬಂದರೆ, ಹಾಗೆ ಹೇಳಿದ್ದಕ್ಕೆ ಮನೆಯಲ್ಲಿ ಯಾರೂ ಮುಖ ತಿರುಗಿಸದಿದ್ದರೆ, ಮೊದಲ ಭೇಟಿ ಚೆನ್ನಾಗಿ ನಡೆಯಿತೆಂದೇ ನಾನು ತೀರ್ಪು ಕೊಡುತ್ತೇನೆ.