ಸಹಿ ಹಾಕಲೊಲ್ಲದ ವಾಲೆಟ್

ಹಾರ್ಡ್‌ವೇರ್ ವಾಲೆಟ್ ಸಹಿ ಹಾಕದಿದ್ದರೆ ಎಲ್ಲರೂ ಮೊದಲು ಬೈಯುವುದು ಯುಎಸ್‌ಬಿ ಕೇಬಲ್ಲನ್ನು. ಅನುಮಾನ ತಪ್ಪಲ್ಲ, ಕೆಲವು ಅಗ್ಗದ ಕೇಬಲ್‌ಗಳು ಚಾರ್ಜ್ ಮಾಡುತ್ತವೆಯೇ ಹೊರತು ಡೇಟಾ ಸಾಗಿಸುವುದಿಲ್ಲ. ಆದರೆ ನಾನು ಕೇಬಲ್ ಬದಲಿಸುತ್ತ ಕೂರುವುದಿಲ್ಲ. ಹಣ ಪಡೆಯುವ ವಿಳಾಸವನ್ನು ಸಾಧನದ ಪರದೆಯ ಮೇಲೆಯೇ ತೋರಿಸಲು ಹೇಳುತ್ತೇನೆ. ಅದು ಕಂಪ್ಯೂಟರಿನಲ್ಲಿರುವ ವಿಳಾಸದೊಂದಿಗೆ ಅಕ್ಷರಕ್ಕಕ್ಷರ ಹೊಂದಿದರೆ ಕೇಬಲ್, ಪಿನ್, ಡ್ರೈವರ್ ಎಲ್ಲವೂ ಸರಿಯಿವೆ. ಹೊಂದದಿದ್ದರೆ ಪಾಸ್‌ಫ್ರೇಸ್ ಬೇರೆ ಕೊಟ್ಟಿರಬಹುದು, ಕಂಪ್ಯೂಟರಿಗೆ ಮಾಲ್‌ವೇರ್ ಹೊಕ್ಕಿರಬಹುದು. ಕಾರಣ ತಿಳಿಯುವ ತನಕ ಆ ವಿಳಾಸಕ್ಕೆ ಹಣ ತರಿಸುವಂತಿಲ್ಲ.

ವಿಳಾಸ ಸರಿಯಾಗಿಯೇ ಕಾಣುತ್ತದೆ, ಸಹಿ ಮಾತ್ರ ಆಗುತ್ತಿಲ್ಲ ಎಂದಾಗಲೇ ವಿಷಯ ರುಚಿಕಟ್ಟುವುದು. 2020ರ ಜೂನ್‌ನಲ್ಲಿ ಟ್ರೆಝರ್ ಕಂಪನಿ 1.9.1 ಮತ್ತು 2.3.1 ಫರ್ಮ್‌ವೇರ್ ಬಿಟ್ಟಾಗ ಹೀಗೇ ಆಯಿತು. ಹೊರಗಿನ ಕೆಲವು ವಾಲೆಟ್ ತಂತ್ರಾಂಶಗಳ ಸೆಗ್‌ವಿಟ್ ವಹಿವಾಟಿಗೆ ಸಾಧನ ಸಹಿ ಹಾಕಲೊಪ್ಪಲಿಲ್ಲ. ಫರ್ಮ್‌ವೇರ್ ಕೆಟ್ಟಿತೆಂದು ಜನ ಗೊಣಗಿದರು. ಕೆಟ್ಟಿರಲಿಲ್ಲ, ಹುಷಾರಾಗಿತ್ತು.

ಸೆಗ್‌ವಿಟ್‌ನಲ್ಲಿ ಪ್ರತಿ ಇನ್‌ಪುಟ್‌ನ ಸಹಿ ತನ್ನ ಮೊತ್ತಕ್ಕಷ್ಟೇ ಹೊಣೆ, ಪಕ್ಕದ್ದಕ್ಕಲ್ಲ. ನಿಮ್ಮ ಬಳಿ ತಲಾ 1 ಬಿಟ್‌ಕಾಯಿನ್‌ನ ಎರಡು ಇನ್‌ಪುಟ್‌ಗಳಿವೆ, 1 ಬಿಟ್‌ಕಾಯಿನ್ ಕಳಿಸುತ್ತಿದ್ದೀರಿ ಎನ್ನಿ. ಮಾಲ್‌ವೇರ್ ಸಾಧನಕ್ಕೆ ‘ಮೊದಲನೆಯದು 1, ಎರಡನೆಯದು 0.0001’ ಎಂದು ಹೇಳುತ್ತದೆ. ಪರದೆ ತೋರಿಸುವ ಶುಲ್ಕ 0.0001, ನೀವು ಒಪ್ಪುತ್ತೀರಿ. ಆಮೇಲೆ ‘ದೋಷ, ಮತ್ತೆ ಪ್ರಯತ್ನಿಸಿ’ ಎಂಬ ಸುಳ್ಳು ಸಂದೇಶ. ಈ ಬಾರಿ ಮೊತ್ತಗಳು ಅದಲುಬದಲು. ಮೊದಲ ಸಲದ ಒಂದು ಸಹಿ ಸಾಚಾ, ಎರಡನೇ ಸಲದ ಇನ್ನೊಂದು ಸಾಚಾ. ಎರಡನ್ನೂ ಒಂದೇ ವಹಿವಾಟಿಗೆ ಅಂಟಿಸಿದರೆ ನಿಜವಾದ ಶುಲ್ಕ 1 ಬಿಟ್‌ಕಾಯಿನ್! ಅದು ಹೋಗುವುದು ಮೈನರ್‌ಗೆ. ಕಳ್ಳನಿಗೆ ಲಾಭವಾಗಬೇಕಾದರೆ ಮೈನರ್ ಜೊತೆ ಒಳಒಪ್ಪಂದ ಇರಬೇಕು, ಇಲ್ಲವೇ ನಿಮ್ಮನ್ನು ಹೆದರಿಸಿ ದುಡ್ಡು ಕೀಳಬೇಕು. ಸುಲಭದ ಕಳ್ಳತನವೇನಲ್ಲ, ಆದರೂ ಬಾಗಿಲು ತೆರೆದೇ ಇತ್ತು.

ಹೊಸ ಫರ್ಮ್‌ವೇರ್ ಕಂಪ್ಯೂಟರಿನ ಬಾಯಿಮಾತು ನಂಬುವುದಿಲ್ಲ. ಆ ಹಣ ನಿಮಗೆ ಬಂದ ಹಿಂದಿನ ವಹಿವಾಟನ್ನು ಪೂರ್ತಿ ಕೇಳುತ್ತದೆ, ಅದರ ಹ್ಯಾಶ್ ತಾನೇ ಲೆಕ್ಕ ಹಾಕಿ ತಾಳೆ ನೋಡುತ್ತದೆ. ಪಿಎಸ್‌ಬಿಟಿ ಕಡತದಲ್ಲಿ `non_witness_utxo` ಎಂಬ ಭಾಗ ಇರುವುದು ಇದಕ್ಕೇ. ತಂತ್ರಾಂಶ ಅದನ್ನು ತುಂಬದೆ ಕಳಿಸಿದರೆ ಸಹಿ ಇಲ್ಲ. ಟ್ಯಾಪ್‌ರೂಟ್‌ನಲ್ಲಿ ಪ್ರತಿ ಸಹಿಯೂ ಎಲ್ಲ ಇನ್‌ಪುಟ್‌ಗಳ ಮೊತ್ತಕ್ಕೆ ಬದ್ಧವಾಗಿರುವುದರಿಂದ ಅಲ್ಲಿ ಈ ತಕರಾರಿಲ್ಲ.

ಹಾಗಾಗಿ ಹಳೆಯ ಫರ್ಮ್‌ವೇರಿಗೆ ಮರಳಿ ಎಂಬ ಸಲಹೆಗೆ ಕಿವಿಗೊಡಬೇಡಿ. ಹೊಸದಾಗಬೇಕಾದ್ದು ಕಂಪ್ಯೂಟರಿನ ತಂತ್ರಾಂಶ. ಅಪ್‌ಡೇಟ್ ಆದ ಮೇಲೂ, ಎಕ್ಸ್‌ಚೇಂಜ್ ಒಂದೇ ಏಟಿಗೆ ನೂರಾರು ಜನರಿಗೆ ಪಾವತಿಸಿದ ವಹಿವಾಟಿನಿಂದ ನಿಮ್ಮ ಹಣ ಬಂದಿದ್ದರೆ, ಆ ಉದ್ದನೆಯ ವಹಿವಾಟನ್ನೆಲ್ಲ ಪುಟ್ಟ ಸಾಧನ ಓದಿ ಮುಗಿಸಲು ಹೊತ್ತು ಹಿಡಿಯುತ್ತದೆ. ಸಿಕ್ಕಿಹಾಕಿಕೊಂಡಿತೆಂದು ಕೇಬಲ್ ಕಿತ್ತರೆ ಮತ್ತೆ ಮೊದಲಿನಿಂದ ಓದಬೇಕು.