ಎದೆನೋವು ಎಂಬ ಒಂದೇ ಬಾಗಿಲು

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯ ಲೆಕ್ಕಾಚಾರ ಸರಳವಾಗಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ಅದನ್ನು ಜಯದೇವ ಆಸ್ಪತ್ರೆಯ ತಜ್ಞರು ನೋಡುತ್ತಾರೆ, ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡಿದ್ದರೆ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಕಾಡಂಚಿನ ಎನ್. ಬೇಗೂರಿನಂಥ ಊರಿಗೆ ಇದು ದೊಡ್ಡ ಆಸರೆ. ಅಲ್ಲಿಂದ ಮೈಸೂರು ಮುಟ್ಟುವಷ್ಟರಲ್ಲಿ ಹೃದಯದ ಸ್ನಾಯು ಸಾಕಷ್ಟು ಸತ್ತುಹೋಗಿರುತ್ತದೆ. ಆದರೆ ಈ ವ್ಯವಸ್ಥೆಯೆಲ್ಲ ಶುರುವಾಗುವುದು ಇಸಿಜಿ ಕೋಣೆಯಿಂದ. ಆ ಕೋಣೆಗೆ ಯಾರನ್ನು ಕಳಿಸಬೇಕೆಂದು ತೀರ್ಮಾನಿಸುವುದು ಮಾತ್ರ ರೋಗಿಯ ಬಾಯಿಂದ ಬರುವ ಒಂದು ಪದ: ಎದೆನೋವು. ಆ ಪದ ಹೇಳದವರಿಗೆ ಯೋಜನೆ ಇದ್ದೂ ಇಲ್ಲದಂತೆ. ಹೇಳದವರಲ್ಲಿ ಹೆಂಗಸರೂ ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವ ವಯಸ್ಸಾದವರೂ ಹೆಚ್ಚು ಎಂಬುದೇ ನನ್ನ ತಕರಾರು.

ಹದಿನೈದು ವರ್ಷದಿಂದ ಸಕ್ಕರೆ ಮಾತ್ರೆ ನುಂಗುತ್ತಿರುವ, ಅರವತ್ತೆಂಟು ವರ್ಷದ ಹೆಂಗಸೊಬ್ಬರನ್ನು ಊಹಿಸಿಕೊಳ್ಳಿ. ಬೆಳಗಿನ ಜಾವ ಮೈಯೆಲ್ಲ ತಣ್ಣಗೆ ಬೆವರುತ್ತದೆ, ಹೊಟ್ಟೆ ತೊಳೆಸುತ್ತದೆ, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ನೋವಿಲ್ಲ. ಮನೆಯವರು ‘ಸಕ್ಕರೆ ಇಳಿದಿದೆ’ ಎಂದು ಸಕ್ಕರೆ ನೀರು ಕುಡಿಸುತ್ತಾರೆ. ಊಹೆ ತಪ್ಪೇನಲ್ಲ, ಸಕ್ಕರೆ ಇಳಿದಾಗಲೂ ಹೀಗೇ ಬೆವರುತ್ತದೆ. ಆದರೆ ಬೆರಳು ಚುಚ್ಚಿ ನೋಡಿದಾಗ ಮೀಟರು 280 ತೋರಿಸಿದರೆ ಆ ಊಹೆ ಅಲ್ಲಿಗೇ ಬಿದ್ದುಹೋಯಿತು. ಹೃದಯಾಘಾತದ ಒತ್ತಡದಲ್ಲಿ ದೇಹವೇ ಸಕ್ಕರೆಯನ್ನು ಏರಿಸುತ್ತದೆ. ಸಕ್ಕರೆ ಇಳಿಯದೆ ತಣ್ಣನೆ ಬೆವರು ಬಂದರೆ ಮುಂದಿನ ಕೆಲಸ ಇಸಿಜಿಯೇ ಹೊರತು ಗ್ಯಾಸ್ಟ್ರಿಕ್ ಮಾತ್ರೆಯಲ್ಲ. ನೋವು ಯಾಕಿಲ್ಲ ಎನ್ನುವುದಕ್ಕೂ ಕಾರಣವಿದೆ. ವರ್ಷಗಟ್ಟಲೆ ಏರಿದ ಸಕ್ಕರೆ ಪಾದದ ನರಗಳನ್ನು ಜೋಮು ಹಿಡಿಸುವಂತೆಯೇ ಹೃದಯದ ನೋವನ್ನು ಮಿದುಳಿಗೆ ಒಯ್ಯುವ ನರಗಳನ್ನೂ ಕೆಡಿಸುತ್ತದೆ. ಪೆಟ್ಟು ಬಿದ್ದಿರುತ್ತದೆ, ಸುದ್ದಿ ಮಾತ್ರ ಮುಟ್ಟುವುದಿಲ್ಲ. ಹೃದಯದ ಕೆಳಭಾಗಕ್ಕೆ ಆಘಾತವಾದರಂತೂ ವಾಂತಿ, ಹೊಟ್ಟೆಯ ಮೇಲ್ಭಾಗದ ಸಂಕಟವೇ ಮುಂದಾಗಿ, ರೋಗಿಗೂ ವೈದ್ಯರಿಗೂ ಅದು ಹೊಟ್ಟೆಯ ತೊಂದರೆಯಂತೆಯೇ ಕಾಣುತ್ತದೆ.

ಹೆಂಗಸರ ವಿಷಯದಲ್ಲಿ ಪುರಾವೆ ಇಷ್ಟು ನೇರವಾಗಿಲ್ಲ. 2012ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ಹನ್ನೊಂದು ಲಕ್ಷಕ್ಕೂ ಹೆಚ್ಚು ಹೃದಯಾಘಾತಗಳ ದಾಖಲೆ ನೋಡಿತು. ಎದೆನೋವಿಲ್ಲದೆ ಬಂದವರು ಹೆಂಗಸರಲ್ಲಿ ನೂರಕ್ಕೆ 42, ಗಂಡಸರಲ್ಲಿ 31. ಇದಕ್ಕೆ ಎದುರಾಗಿ 2019ರ ಎಡಿನ್‌ಬರೋ ಅಧ್ಯಯನವಿದೆ. ಅದರಲ್ಲಿ ಗಂಡಸರಾಗಲಿ ಹೆಂಗಸರಾಗಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಎದೆನೋವನ್ನೇ ಹೇಳಿದ್ದರು. ಹಾಗಾದರೆ ವ್ಯತ್ಯಾಸವೆಂಬುದು ಕಟ್ಟುಕಥೆಯೇ? ಆ ಅಧ್ಯಯನ ಎಣಿಸಿದ್ದು ಹೃದಯದ ಅನುಮಾನ ಆಗಲೇ ಬಂದು ಪರೀಕ್ಷೆಗೆ ಒಳಗಾದವರನ್ನು, ಅಂದರೆ ಬಾಗಿಲು ದಾಟಿದವರನ್ನು. ಹೊರಗೇ ಉಳಿದವರು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಆದರೂ ಅದು ಹೇಳುವ ಒಂದು ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೆಂಗಸರು ಎದೆನೋವಿನ ಜೊತೆಗೆ ದವಡೆ, ಬೆನ್ನಿನ ನೋವು, ವಾಕರಿಕೆಯನ್ನೂ ಹೆಚ್ಚಾಗಿ ಹೇಳುತ್ತಾರೆ. ನಾಲ್ಕು ಮಾತು ಒಟ್ಟಿಗೆ ಬಂದಾಗ ಕೇಳುವವರು ಹಗುರವಾದದ್ದನ್ನು ಆರಿಸಿಕೊಳ್ಳುತ್ತಾರೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹಸಿ ಹೊಗೆಸೊಪ್ಪು ಮುಟ್ಟಿ ದುಡಿಯುವವರಿಗೆ ತಲೆಸುತ್ತು, ವಾಂತಿ ಬರುವುದುಂಟು. ಅಂಥ ಕಡೆ ಹಗುರವಾದ ಕಾರಣ ಇನ್ನೂ ಬೇಗ ಕೈಗೆ ಸಿಗುತ್ತದೆ. 2021ರ ಅಮೆರಿಕನ್ ಮಾರ್ಗಸೂಚಿ ಎದೆನೋವಿಗೆ ‘ಅಸಹಜ’ ಎಂಬ ವಿಶೇಷಣ ಹಚ್ಚುವುದನ್ನೇ ಕೈಬಿಡಲು ಹೇಳಿದ್ದು ಸರಿ. ಇಷ್ಟೊಂದು ರೋಗಿಗಳ ಅನುಭವವನ್ನು ಅಸಹಜ ಎನ್ನುವ ಪದವೇ ‘ಇದು ಹೃದಯದ್ದಲ್ಲ’ ಎಂಬ ತೀರ್ಪಾಗಿಬಿಡುತ್ತದೆ.

ಸುಸ್ತು, ವಾಕರಿಕೆ ಎಂದವರಿಗೆಲ್ಲ ಇಸಿಜಿ ತೆಗೆದರೆ ಆಸ್ಪತ್ರೆ ನಡೆಯುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ತಿಂಗಳಿಂದ ಇರುವ ಸುಸ್ತಿಗೆ ಹಾಗೆ ಓಡಬೇಕಿಲ್ಲ. ಆದರೆ ಸಕ್ಕರೆ ಕಾಯಿಲೆಯವರಿಗೆ ಅಥವಾ ಐವತ್ತು ದಾಟಿದವರಿಗೆ ಬೆವರು, ಏದುಸಿರು, ಹೊಟ್ಟೆ ಸಂಕಟ, ದವಡೆಯಿಂದ ಹೊಕ್ಕುಳಿನವರೆಗಿನ ಯಾವುದೇ ನೋವು ಇದ್ದಕ್ಕಿದ್ದಂತೆ ಬಂದರೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂಬ ನಿಯಮ ಹೊರೆಯಲ್ಲ. ಅದಕ್ಕೆ ಬೇಕಾದ್ದು ಐದು ನಿಮಿಷ, ಒಂದು ಕಾಗದ. ಇನ್ನೊಂದು ತಪ್ಪು ಇಸಿಜಿ ಆದ ಮೇಲೆ ನಡೆಯುತ್ತದೆ. ಮೊದಲ ಪಟ್ಟಿ ಸರಿಯಿದೆ, ಗ್ಯಾಸ್ಟ್ರಿಕ್ ಇಂಜೆಕ್ಷನ್‌ಗೆ ಸಂಕಟ ಇಳಿದಿದೆ ಎಂದು ಮನೆಗೆ ಕಳಿಸುತ್ತಾರೆ. ಇವೆರಡೂ ಹೃದಯಾಘಾತ ಇಲ್ಲವೆನ್ನುವುದಕ್ಕೆ ಸಾಕ್ಷಿಯಲ್ಲ. ಆಘಾತದ ಸಂಕಟ ತಾನಾಗಿಯೂ ಏರಿಳಿಯುತ್ತದೆ, ರಕ್ತದಲ್ಲಿ ಟ್ರೋಪೋನಿನ್ ಏರಲು ಕೆಲವು ಗಂಟೆ ಬೇಕು. ಸಂಕಟ ಉಳಿದಿದ್ದರೆ ಅರ್ಧ ಗಂಟೆಯೊಳಗೆ ಇನ್ನೊಂದು ಇಸಿಜಿ, ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ಟ್ರೋಪೋನಿನ್ ನೋಡದೆ ಆ ಹೆಂಗಸನ್ನು ಎನ್. ಬೇಗೂರಿನ ಬಸ್ಸು ಹತ್ತಿಸಬಾರದು.